ನೂರಕ್ಕೆ ಇಪ್ಪತ್ತೈದು ಸರಿ, ಆದರೆ ಯಾವ ನೂರು?

ನನ್ನ ಅಕ್ಕನ ಸೊಸೆ ಆಲ್ದೂರಿನ ಹತ್ತಿರದ ತೋಟದ ಮನೆಯಲ್ಲಿ ಕಾಫಿ ಪುಡಿ ಮಾಡಿಸಿ ಮಾರುತ್ತಾಳೆ. ಚಿಕ್ಕಮಗಳೂರು ಪೇಟೆಯ ಒಂದು ಅಂಗಡಿಯವರು ಅವಳ ಅರ್ಧ ಕೆಜಿ ಪೊಟ್ಟಣವನ್ನು ಇಟ್ಟುಕೊಳ್ಳಲು ಒಪ್ಪಿ, ‘ನಮಗೆ ಇಪ್ಪತ್ತೈದು ಪರ್ಸೆಂಟ್ ಬಿಡಬೇಕು’ ಎಂದರು. ಅವಳು ಹೂಂ ಎಂದಳು. ಪೊಟ್ಟಣಕ್ಕೆ ಅಸಲು 300 ರೂಪಾಯಿ. ತನಗೆ ಶೇ 20 ಸೇರಿಸಿದಳು, 360 ಆಯಿತು. ಅದಕ್ಕೆ ಅಂಗಡಿಯ ಶೇ 25 ಸೇರಿಸಿದಳು, 450 ಆಯಿತು. ಅದನ್ನೇ ಎಂಆರ್‌ಪಿ ಎಂದು ಲೇಬಲ್ ಹೊಡೆಸಿಬಿಟ್ಟಳು.

ಮೂರು ತಿಂಗಳಾದ ಮೇಲೆ ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟಳು. ‘ಮಾವ, ಮಾಲೆಲ್ಲ ಖರ್ಚಾಗಿದೆ. ಒಂದೊಂದಕ್ಕೂ ಅರವತ್ತು ರೂಪಾಯಿ ಉಳಿಯಬೇಕಿತ್ತು. ಮೂವತ್ತೇಳೂವರೆಯಷ್ಟೇ ಉಳಿದಿದೆ. ಮಿಕ್ಕಿದ್ದನ್ನು ಅಂಗಡಿಯವರು ನುಂಗಿದರೇ?’

ಅಂಗಡಿಯವರು ನುಂಗಿರಲಿಲ್ಲ. ಅವರು ಕೇಳಿದ್ದು 450ರಲ್ಲಿ ಶೇ 25, ಅಂದರೆ 112 ರೂಪಾಯಿ 50 ಪೈಸೆ. ಅದನ್ನು ಹಿಡಿದುಕೊಂಡು 337.50 ಕೊಟ್ಟಿದ್ದರು. ಇವಳ ಮನಸ್ಸಿನಲ್ಲಿದ್ದದ್ದು 360ರ ಮೇಲಿನ ಶೇ 25, ಅಂದರೆ 90 ರೂಪಾಯಿ. ಮಾತು ಒಂದೇ, ನೂರು ಬೇರೆ ಬೇರೆ. ಇಪ್ಪತ್ತು ವರ್ಷಗಳಿಂದ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತಿರುವ ನಾನು ಜೇನು, ಮೆಣಸು, ಉಪ್ಪಿನಕಾಯಿ ಮಾರುವವರೂ ಇದೇ ಗುಂಡಿಗೆ ಬೀಳುವುದನ್ನು ನೋಡಿದ್ದೇನೆ.

ಮೊದಲು: ಎರಡು ಪರ್ಸೆಂಟ್‌ಗಳನ್ನು ಬೇರೆ ಮಾಡಿ

ಅಸಲನ್ನು ನೂರು ಎಂದುಕೊಂಡು ಅದರ ಮೇಲೆ ಎಷ್ಟು ಏರಿಸುತ್ತೀರೋ ಅದು ಮಾರ್ಕಪ್. ಮಾರಾಟ ಬೆಲೆಯನ್ನು ನೂರು ಎಂದುಕೊಂಡು ಅದರೊಳಗೆ ನಿಮಗೆ ಎಷ್ಟು ಉಳಿಯುತ್ತದೋ ಅದು ಮಾರ್ಜಿನ್. ಪೊಟ್ಟಣ ಮಾಡುವವರು ಸಾಮಾನ್ಯವಾಗಿ ಮೊದಲನೆಯದರಲ್ಲಿ ಯೋಚಿಸುತ್ತಾರೆ, ಏಕೆಂದರೆ ಅವರ ಕೈಯಲ್ಲಿರುವುದು ಖರ್ಚಿನ ಚೀಟಿ. ಅಂಗಡಿಯವರು ಎರಡನೆಯದರಲ್ಲಿ ಯೋಚಿಸುತ್ತಾರೆ, ಏಕೆಂದರೆ ಅವರ ಕಣ್ಣೆದುರಿಗಿರುವುದು ಎಂಆರ್‌ಪಿ ಮತ್ತು ಸಂಜೆಯ ಗಲ್ಲಾಪೆಟ್ಟಿಗೆ. ಯಾರಾದರೂ ಪರ್ಸೆಂಟ್ ಎಂದೊಡನೆ ‘ಅಸಲಿನ ಮೇಲೋ, ಮಾರುವ ಬೆಲೆಯಲ್ಲೋ?’ ಎಂದು ಕೇಳಿ. ಉತ್ತರ ತಡವರಿಸಿದರೆ ರೂಪಾಯಿಯಲ್ಲಿ ಹೇಳಲು ಬೇಡಿಕೊಳ್ಳಿ: ‘ನಾನೂರಕ್ಕೆ ಮಾರಿದರೆ ನಿಮಗೆಷ್ಟು, ನನಗೆಷ್ಟು?’

ಎರಡನೆಯದು: ಅಸಲು

ಇದು ಸುಲಭ ಎಂದು ಎಲ್ಲರೂ ಹಾರಿ ಹೋಗುತ್ತಾರೆ. ಆದರೆ ಕಾಫಿಯವರು ಇಲ್ಲಿಯೇ ಒಮ್ಮೆ ಎಡವಿರುತ್ತಾರೆ, ಅದೂ ಇದೇ ತಪ್ಪಿನಲ್ಲಿ.

ಹಸಿ ಬೀಜ ಕೆಜಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಹುರಿದಾಗ ತೇವ ಹೋಗಿ ತೂಕ ಇಳಿಯುತ್ತದೆ; ಹದ ನೋಡಿಕೊಂಡು ಶೇ 15ರಿಂದ 20ರವರೆಗೆ. ಸ್ವಲ್ಪ ಕಪ್ಪಾಗಿ ಹುರಿಯುವ ನಮ್ಮವಳ ಪುಡಿಗೆ ಶೇ 20 ಹಿಡಿಯೋಣ. ‘ಶೇ 20 ಹೋಗುತ್ತದೆ, ಆದ್ದರಿಂದ 400ಕ್ಕೆ ಶೇ 20 ಸೇರಿಸಿದೆ, 480’ ಎನ್ನುತ್ತಾರೆ. ಒಲೆಯ ಪಕ್ಕ ನಿಂತು ಯೋಚಿಸಿ. ಒಂದು ಕೆಜಿ ಹಾಕಿದಿರಿ, 800 ಗ್ರಾಂ ಸಿಕ್ಕಿತು. ಆ 800 ಗ್ರಾಂ ನಿಮಗೆ 400 ರೂಪಾಯಿಗೆ ಬಿದ್ದಿದೆ. ಹಾಗಾದರೆ ಪೂರ್ತಿ ಕೆಜಿಗೆ 400 ÷ 0.8, ಅಂದರೆ 500. ಇಪ್ಪತ್ತು ರೂಪಾಯಿ ಪೇಟೆ ಮುಟ್ಟುವ ಮೊದಲೇ ಹೋಯಿತು. ನಷ್ಟವಾಗುವುದು ಹಾಕಿದ್ದರಲ್ಲಿ, ನಾವು ಬೆಲೆ ಕಟ್ಟುವುದು ಉಳಿದದ್ದಕ್ಕೆ. ಆದ್ದರಿಂದ ಕೂಡಿಸುವುದಲ್ಲ, ಭಾಗಿಸುವುದು. ಈ ಒಂದು ಮಾತು ತಲೆಗೆ ಹತ್ತಿದರೆ ಮುಂದಿನದೆಲ್ಲ ಇದೇ.

ಹುರಿದು ಪುಡಿ ಮಾಡಿಸಿದ ಕೂಲಿ ಕೆಜಿಗೆ 40, ಕವರ್, ಲೇಬಲ್, ಸಾಗಾಟ 60. ಒಟ್ಟು 600, ಅರ್ಧ ಕೆಜಿಗೆ 300. ಚಿಕೋರಿ ಬೆರೆಸುವವರಿಗೆ ಅಸಲು ಇಳಿಯುತ್ತದೆ, ಆದರೆ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಲೇಬೇಕು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಮುದ್ರಿಸಲೂ ಬೇಕು. ಲೆಕ್ಕ ಸರಿಹೋಗಲಿಲ್ಲವೆಂದು ಚಿಕೋರಿ ಸುರಿಯುವ ದಾರಿ ನನಗೆ ಹಿಡಿಸುವುದಿಲ್ಲ. ಕುಡಿಯುವವರಿಗೆ ಒಂದೇ ಗುಟುಕಿಗೆ ತಿಳಿಯುತ್ತದೆ.

ಮೂರನೆಯದು: ಪರ್ಸೆಂಟ್ ಬದಲಾಯಿಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಮಾರಾಟ ಬೆಲೆಯಲ್ಲಿ ಶೇ 20 ಉಳಿಯಬೇಕು ಎಂದರೆ, ಆ ಬೆಲೆಯನ್ನು ಐದು ಹೋಳು ಮಾಡಿ ಒಂದು ಹೋಳು ನಿಮಗೆ ಎಂದರ್ಥ. ಉಳಿದ ನಾಲ್ಕು ಹೋಳು ಅಸಲು. ಅದೇ ಲಾಭದ ಹೋಳನ್ನು ಈಗ ಅಸಲಿನ ಪಕ್ಕದಲ್ಲಿಟ್ಟು ಅಳೆಯಿರಿ: ನಾಲ್ಕಕ್ಕೆ ಒಂದು, ಅಂದರೆ ಕಾಲು, ಶೇ 25. ಹೋಳು ದೊಡ್ಡದೂ ಆಗಲಿಲ್ಲ, ಚಿಕ್ಕದೂ ಆಗಲಿಲ್ಲ. ಅಳೆಯುವ ಕೋಲು ಬದಲಾಯಿತು, ಅಷ್ಟೇ.

ಇದರಿಂದ ಕಾಗದವಿಲ್ಲದೆ ಲೆಕ್ಕ ಹಾಕುವ ದಾರಿಯೊಂದು ಸಿಗುತ್ತದೆ. ಮಾರ್ಜಿನ್ ಐದರಲ್ಲೊಂದು ಬೇಕಾದರೆ ಅಸಲಿಗೆ ನಾಲ್ಕರಲ್ಲೊಂದು ಸೇರಿಸಿ. ನಾಲ್ಕರಲ್ಲೊಂದು ಬೇಕಾದರೆ ಮೂರರಲ್ಲೊಂದು. ಮೂರರಲ್ಲೊಂದು ಬೇಕಾದರೆ ಅರ್ಧ. ಅರ್ಧವೇ ಬೇಕೆಂದರೆ ಅಸಲಿನಷ್ಟೇ ಇನ್ನೊಂದು. ಭಿನ್ನರಾಶಿಯಾಗಿ ಬರೆದರೆ ಕೆಳಗಿನ ಅಂಕಿ ಪ್ರತಿ ಸಲ ಒಂದು ಕಡಿಮೆಯಾಗುತ್ತದೆ. ಮಾರ್ಕಪ್ಪಿನಿಂದ ಮಾರ್ಜಿನ್‌ಗೆ ಬರುವಾಗ ಒಂದು ಹೆಚ್ಚು ಮಾಡಿ.

ಶೇ 18, ಶೇ 22ರಂತಹ ಒಡ್ಡೊಡ್ಡು ಅಂಕಿ ಬಂದಾಗ ಹೋಳಿನ ಉಪಾಯ ನಡೆಯುವುದಿಲ್ಲ, ಭಾಗಾಕಾರವೇ ಗತಿ. ಅಸಲನ್ನು, ಒಂದರಿಂದ ಮಾರ್ಜಿನ್ ಕಳೆದು ಉಳಿದದ್ದರಿಂದ ಭಾಗಿಸಿ. ಶೇ 22 ಆದರೆ 0.78ರಿಂದ. ಕಂಪ್ಯೂಟರಿನ ಹಾಳೆಯಲ್ಲಿ ಅಸಲು B2ರಲ್ಲಿ, ಮಾರ್ಜಿನ್ C2ರಲ್ಲಿ 0.22 ಎಂದು ಇದ್ದರೆ ಹೀಗೆ:

```
=B2/(1-C2)
```

ಪರಿಚಿತರೊಬ್ಬರಿಂದ ಸಿದ್ಧ ಹಾಳೆ ತಂದು ಬಳಸುವವರು ಈ ಕೋಶವನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ `=B2*(1+C2)` ಎಂದಿದ್ದರೆ ಅದು ಮಾರ್ಕಪ್ಪಿನ ಹಾಳೆ. ಮೇಲೆ ‘ಮಾರ್ಜಿನ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಸರಿ. ನಾನು ನೋಡಿದ ಹಾಳೆಗಳಲ್ಲಿ ಇಂಥವು ಬೇಕಾದಷ್ಟು.

ಕ್ಯಾಲ್ಕುಲೇಟರ್ ಬಗ್ಗೆಯೂ ಹೇಳಬೇಕು. ನಿಮ್ಮ ಗಲ್ಲಾದ ಮೇಲಿರುವುದರಲ್ಲಿ 100 + 20 % ಒತ್ತಿ ನೋಡಿ. ಮೊಬೈಲಿನಲ್ಲಿ ಸಾಮಾನ್ಯವಾಗಿ 120 ಬರುತ್ತದೆ. ಕೆಲವು ಮೇಜಿನ ಕ್ಯಾಲ್ಕುಲೇಟರ್‌ಗಳಲ್ಲಿ 125 ಬರುತ್ತದೆ. ಅದು ಕೆಟ್ಟಿಲ್ಲ, ಆ ಗುಂಡಿಯನ್ನು ಮಾರಾಟ ಬೆಲೆಯ ಮೇಲಿನ ಮಾರ್ಜಿನ್‌ಗೆಂದೇ ಮಾಡಿರುತ್ತಾರೆ. ಗಂಡ ಮೊಬೈಲಿನಲ್ಲಿ, ಹೆಂಡತಿ ಮೇಜಿನ ಯಂತ್ರದಲ್ಲಿ ಒತ್ತಿ ಅರ್ಧ ದಿನ ಜಗಳವಾಡಿದ ಅಂಗಡಿಯೊಂದು ನನಗೆ ಗೊತ್ತು. ಇಬ್ಬರ ಯಂತ್ರವೂ ಸರಿಯಾಗಿಯೇ ಇತ್ತು. ನಾನಂತೂ % ಗುಂಡಿಯನ್ನು ಮುಟ್ಟುವುದೇ ಇಲ್ಲ, 0.8 ಎಂದು ಒತ್ತಿ ಭಾಗಿಸುತ್ತೇನೆ. ನೀವೂ ಹಾಗೇ ಮಾಡಿ.

ನಾಲ್ಕನೆಯದು: ಇಬ್ಬರ ಪಾಲು

ಈಗ ನಮ್ಮವಳ ಪೊಟ್ಟಣ. ಅವಳಿಗೆ ಅಂಗಡಿಗೆ ಕೊಡುವ ಬೆಲೆಯಲ್ಲಿ ಶೇ 20 ಬೇಕು: 300 ÷ 0.8 = 375. ಅಂಗಡಿಗೆ ಗಿರಾಕಿ ಕೊಡುವ ಬೆಲೆಯಲ್ಲಿ ಶೇ 25 ಬೇಕು: 375 ÷ 0.75 = 500. ತಿರುಗಿಸಿ ನೋಡಿ. ಐನೂರರಲ್ಲಿ ಕಾಲು ಭಾಗ 125 ಅಂಗಡಿಗೆ, 375 ಇವಳ ಕೈಗೆ, ಅದರಲ್ಲಿ ಅಸಲು ಕಳೆದರೆ 75. ಮುನ್ನೂರ ಎಪ್ಪತ್ತೈದರಲ್ಲಿ ಐದರಲ್ಲೊಂದು, ತಾಳೆಯಾಯಿತು. ಹೀಗೆ ಮೇಲಿನಿಂದ ಕೆಳಗೆ ಒಮ್ಮೆ ಇಳಿದು ಬರದೆ ಲೇಬಲ್ ಮುದ್ರಿಸಲು ಕೊಡಬೇಡಿ.

ಅವಳು 450 ಬರೆದಿದ್ದಳು, ಬರಬೇಕಾದದ್ದು 500. ಲಾಭ ಶೇ 20 ಎಂದುಕೊಂಡದ್ದು ನಿಜದಲ್ಲಿ 337.50ಕ್ಕೆ 37.50, ಸುಮಾರು ಶೇ 11.

ಜಾಣತನ ಮಾಡಲು ಹೋಗಿ ಇಪ್ಪತ್ತನ್ನೂ ಇಪ್ಪತ್ತೈದನ್ನೂ ಕೂಡಿಸಿ ನಲವತ್ತೈದು ಎಂದು 0.55ರಿಂದ ಭಾಗಿಸುವವರಿದ್ದಾರೆ. 545 ಬರುತ್ತದೆ, ಮಾಲು ಕಪಾಟಿನಲ್ಲೇ ಕೂರುತ್ತದೆ. ಇಬ್ಬರ ನೂರೂ ಒಂದೇ ಅಲ್ಲ, ಕೂಡಿಸಲಾಗದು. ಒಂದೇ ಏಟಿಗೆ ಮುಗಿಸಬೇಕೆಂದರೆ 0.8 ಮತ್ತು 0.75ನ್ನು ಗುಣಿಸಿ, 0.6 ಸಿಗುತ್ತದೆ. 300 ÷ 0.6, ಮತ್ತೆ 500.

ಜಿಎಸ್‌ಟಿ

ನೋಂದಣಿ ಇರುವವರಿಗೆ ಮಾತ್ರ ಇದು. ಹುರಿದ ಕಾಫಿ ಪುಡಿಗೆ ಶೇ 5. ತೆರಿಗೆ ಮಾರ್ಕಪ್ಪಿನ ಜಾತಿಯದು, ಮೂಲ ಬೆಲೆಯ ಮೇಲೆ ಕೂರುತ್ತದೆ; ಇಲ್ಲಿ ಮಾತ್ರ ಗುಣಿಸುವುದೇ ಸರಿ. 500 × 1.05 = 525. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ, ಹಾಗಾಗಿ ಪೊಟ್ಟಣದ ಮೇಲೆ 525 ಬರಬೇಕು. ಹಿಂದಕ್ಕೆ ಬರುವಾಗ 1.05ರಿಂದ ಭಾಗಿಸಬೇಕು; ಶೇ 5 ಕಳೆದರೆ 498.75 ಎಂಬ ತಪ್ಪು ಅಂಕಿ ಸಿಗುತ್ತದೆ.

ಅಂಗಡಿಯವರು 525ರಲ್ಲಿ ಶೇ 25 ಹಿಡಿದು 393.75 ಕೊಡುತ್ತಾರೆ. ಮೊದಲಿಗಿಂತ ಹೆಚ್ಚು ಬಂತೆಂದು ಹಿಗ್ಗಬೇಡಿ. ಅದರಲ್ಲಿ 18.75 ತೆರಿಗೆ, ನಿಮ್ಮದು ಅದೇ 375. ಈ 18.75ನ್ನು ಲಾಭವೆಂದು ಖರ್ಚು ಮಾಡಿ ರಿಟರ್ನ್ ಸಲ್ಲಿಸುವ ವಾರದಲ್ಲಿ ಕೈಸಾಲಕ್ಕೆ ಓಡುವವರನ್ನು ಪ್ರತಿ ಸಲ ನೋಡುತ್ತೇನೆ.

ಬೆಲೆ ಇಟ್ಟ ಮೇಲೆ

ಹಬ್ಬಕ್ಕೆಂದು ಅಂಗಡಿಯವರು ಇನ್ನೊಂದು ಶೇ 10 ಬಿಡಿ ಎಂದರೆ, ‘ನಾನು ಅಸಲಿನ ಮೇಲೆ ಏರಿಸಿದ್ದು ಶೇ 25, ಹತ್ತು ಹೋದರೆ ಹದಿನೈದು ಉಳಿಯಿತು’ ಎಂದು ಒಪ್ಪಿಬಿಡಬೇಡಿ. ರಿಯಾಯಿತಿ ಯಾವಾಗಲೂ ಮಾರುವ ಬೆಲೆಯಲ್ಲಿ ಹೋಗುತ್ತದೆ. 375ರಲ್ಲಿ ಶೇ 10 ಎಂದರೆ 37.50, ನಿಮ್ಮ 75ರಲ್ಲಿ ಸರಿಯಾಗಿ ಅರ್ಧ.

ಕಾಫಿ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. ಹಸಿ ಬೀಜ ಕೆಜಿಗೆ 40 ಏರಿತು ಎನ್ನಿ. ಅರ್ಧ ಕೆಜಿ ಪುಡಿಗೆ 625 ಗ್ರಾಂ ಹಸಿ ಬೀಜ ಬೇಕು, ಆದ್ದರಿಂದ ಅಸಲು 25 ಏರಿ 325 ಆಗುತ್ತದೆ. ನಮ್ಮವಳು ತೆರಿಗೆಗೆ ಮುಂಚಿನ 500ಕ್ಕೂ ಅದೇ 25 ಸೇರಿಸಿ 525 ಮಾಡಲು ಹೊರಟಿದ್ದಳು. ಹಾಗೆ ಮಾಡಿದರೆ ಆ 25ರಲ್ಲೂ ಕಾಲು ಭಾಗ ಅಂಗಡಿಗೆ ಹೋಗುತ್ತದೆ, ಅವಳ 75 ಇಳಿದು 68.75 ಆಗುತ್ತದೆ. ಲಾಭ ಅದೇ 75 ಸಾಕು ಎನ್ನುವವರು 25ನ್ನು 0.75ರಿಂದ ಭಾಗಿಸಿ 33 ರೂಪಾಯಿ ಚಿಲ್ಲರೆ ಏರಿಸಲಿ. ಶೇ 20ನ್ನೇ ಉಳಿಸಿಕೊಳ್ಳಬೇಕೆಂದರೆ 0.6ರಿಂದ ಭಾಗಿಸಿ, ಸುಮಾರು 42. ಅವಳು 33ನ್ನು ಆರಿಸಿಕೊಂಡಳು, ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಅವಳ ಪುಸ್ತಕದ ರಟ್ಟಿನ ಒಳಮೈಯಲ್ಲಿ ಕೆಂಪು ಶಾಯಿಯಲ್ಲಿ 0.8, 0.75, 1.05 ಎಂಬ ಮೂರು ಅಂಕಿಗಳಿವೆ, ಕೊನೆಯದರ ಪಕ್ಕದಲ್ಲಿ ಮಾತ್ರ ‘ಗುಣಿಸು’ ಎಂದು ಬರೆದುಕೊಂಡಿದ್ದಾಳೆ.