9.5ರಿಂದ ಗುಣಿಸುತ್ತಾ ಕಳೆದ ಅಡ್ಮಿಶನ್ ಸೀಸನ್‌ಗಳು

ಪಿಯು ಕಾಲೇಜಿನ ಆಫೀಸಿನಲ್ಲಿ ನನ್ನದು ಅಡ್ಮಿಶನ್ ಟೇಬಲ್. ಮೇ ತಿಂಗಳ ಕೊನೆಗೆ ಅರ್ಜಿಗಳ ಕಟ್ಟು ಬಂದು ಬೀಳುತ್ತಿತ್ತು. ಎಸ್‌ಎಸ್‌ಎಲ್‌ಸಿ ಮಕ್ಕಳದು ತಲೆನೋವಿಲ್ಲದ ಲೆಕ್ಕ. 625ಕ್ಕೆ ಎಷ್ಟು ಬಂದಿದೆ ನೋಡು, 6.25ರಿಂದ ಭಾಗಿಸು, ಶೇಕಡಾ ಬಂತು. ಸಿಬಿಎಸ್‌ಇಯಿಂದ ಬಂದವರ ಹಾಳೆಯಲ್ಲಿ ಮಾತ್ರ ಅಂಕವೇ ಇರುತ್ತಿರಲಿಲ್ಲ. ಪ್ರತಿ ವಿಷಯಕ್ಕೆ ಒಂದು ಗ್ರೇಡ್, ಅದರ ಪಕ್ಕ ಒಂದು ಗ್ರೇಡ್ ಪಾಯಿಂಟ್, ಕೆಳಗೆ ಆ ಪಾಯಿಂಟ್‌ಗಳ ಸರಾಸರಿಯಾದ ಸಿಜಿಪಿಎ. ಅಷ್ಟೇ.

ಸಿಬಿಎಸ್‌ಇ ಹತ್ತನೇ ತರಗತಿಗೆ ಈ ಪದ್ಧತಿ 2017ರ ಫಲಿತಾಂಶದವರೆಗೂ ಇತ್ತು. 2018ರಿಂದ ಮತ್ತೆ ಅಂಕ ಬಂತು. ಗ್ರೇಡ್ ಇದ್ದ ಆ ವರ್ಷಗಳಲ್ಲಿ ಎರಡು ಬೋರ್ಡ್‌ಗಳ ಮಕ್ಕಳನ್ನು ಒಂದೇ ಮೆರಿಟ್ ಲಿಸ್ಟಿನಲ್ಲಿ ಕೂರಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಅದಕ್ಕೆ ಇದ್ದ ದಾರಿ ಒಂದೇ, ಬೋರ್ಡೇ ಹೇಳಿಕೊಟ್ಟಿದ್ದು: ಸಿಜಿಪಿಎಯನ್ನು 9.5ರಿಂದ ಗುಣಿಸಿ.

ಮಾಡುವುದು ಸುಲಭ. ಒಂದು ಹುಡುಗಿಯ ಹಾಳೆ ಹೀಗಿತ್ತು ಅಂದುಕೊಳ್ಳಿ: ಕನ್ನಡ 10, ಇಂಗ್ಲಿಷ್ 9, ಗಣಿತ 8, ವಿಜ್ಞಾನ 9, ಸಮಾಜ 9. ಒಟ್ಟು 45, ಐದರಿಂದ ಭಾಗಿಸಿದರೆ 9.0. ಆರನೇ ಹೆಚ್ಚುವರಿ ವಿಷಯ ಇದ್ದರೆ ಅದನ್ನು ಸೇರಿಸುವಂತಿಲ್ಲ. ನಾನು ಮೊದಲ ವರ್ಷ ಒಂದೆರಡು ಕಡೆ ಸೇರಿಸಿ ಬೈಸಿಕೊಂಡಿದ್ದೇನೆ. 9.0ನ್ನು 9.5ರಿಂದ ಗುಣಿಸಿದರೆ 85.5. ಇಷ್ಟನ್ನು ಎಕ್ಸೆಲ್‌ನಲ್ಲಿ ಒಂದು ಕಾಲಂಗೆ ಹಾಕಿ ಕೆಳಗೆ ಎಳೆದರೆ ಮುಗಿಯಿತು. ಮುಗಿಯಿತು ಅಂತಲೇ ನಾನೂ ಅಂದುಕೊಂಡಿದ್ದೆ.

ಲಿಸ್ಟ್ ನೋಟಿಸ್ ಬೋರ್ಡಿಗೆ ಹಾಕಿದ ದಿನ ಮಧ್ಯಾಹ್ನ ಒಬ್ಬ ತಂದೆ ಬಂದರು. ಮಗಳಿಗೆ ಸಿಜಿಪಿಎ 10. ಅದಕ್ಕಿಂತ ಮೇಲೆ ಇಲ್ಲವೇ ಇಲ್ಲ. ಆದರೂ ಅವಳ ಹೆಸರು ಮೊದಲ ಲಿಸ್ಟಿನಲ್ಲಿ ಇರಲಿಲ್ಲ. "ಸಾರ್, ಹತ್ತಕ್ಕೆ ಹತ್ತು ಬಂದಿದೆ. ಇನ್ನೇನು ತರಬೇಕಿತ್ತು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲಿಸ್ಟ್ ತೆಗೆದು ನೋಡಿದೆ. 10ನ್ನು 9.5ರಿಂದ ಗುಣಿಸಿದರೆ 95. ಎಸ್‌ಎಸ್‌ಎಲ್‌ಸಿಯಲ್ಲಿ 594 ಅಂಕ ತೆಗೆದ ಹುಡುಗನದು 95.04. ಅಂದರೆ 594 ಮತ್ತು ಅದಕ್ಕಿಂತ ಮೇಲೆ ತೆಗೆದ ಪ್ರತಿಯೊಬ್ಬರೂ ಸಿಬಿಎಸ್‌ಇಯ ಅತ್ಯುತ್ತಮ ವಿದ್ಯಾರ್ಥಿಗಿಂತ ಮುಂದೆ. ಆ ಹುಡುಗಿ ಎಲ್ಲ ವಿಷಯದಲ್ಲೂ 99 ತೆಗೆದಿದ್ದರೂ ನನ್ನ ಲೆಕ್ಕದಲ್ಲಿ ಅವಳು 95ರ ಮೇಲೆ ಹೋಗುವ ಹಾಗೇ ಇರಲಿಲ್ಲ.

ಅವತ್ತು ಸಂಜೆ ನಮ್ಮ ಮ್ಯಾತ್ಸ್ ಮೇಡಂ ಹತ್ತಿರ ಹೋಗಿ ಕೂತೆ. ಅವರು ಮೊದಲು ಕೇಳಿದ ಪ್ರಶ್ನೆ, "ಈ 9.5 ಎಲ್ಲಿಂದ ಬಂತು, ಗೊತ್ತಾ?" ನಾನು ಅದು ಯಾವುದೋ ದೊಡ್ಡ ಸೂತ್ರ ಅಂದುಕೊಂಡಿದ್ದೆ. ಅಷ್ಟೇನೂ ಇಲ್ಲ. ಹಿಂದಿನ ಐದು ವರ್ಷಗಳಲ್ಲಿ 91ರಿಂದ 100ರ ಒಳಗೆ ತೆಗೆದ ಮಕ್ಕಳ ಅಂಕಗಳ ಸರಾಸರಿಯನ್ನು ಬೋರ್ಡ್ ನೋಡಿತು. ಅದು ಸುಮಾರು 95 ಬಂತು. ಆ ಗುಂಪಿನ ಗ್ರೇಡ್ ಪಾಯಿಂಟ್ 10. 95ನ್ನು 10ರಿಂದ ಭಾಗಿಸಿದರೆ 9.5.

ಅಂದರೆ ಈ ಸಂಖ್ಯೆ ಹುಟ್ಟಿದ್ದು ಮೇಲಿನ ಒಂದೇ ಒಂದು ಗುಂಪಿನಿಂದ. ಆಮೇಲೆ ಅದನ್ನೇ ಕೆಳಗಿನ ಎಲ್ಲ ಗುಂಪಿಗೂ ಹಚ್ಚಿದ್ದಾರೆ. ಮೇಡಂ ಒಂದು ಹಳೇ ಪ್ರಶ್ನೆಪತ್ರಿಕೆಯ ಹಿಂದೆ ಬರೆದು ತೋರಿಸಿದರು. ಗ್ರೇಡ್ ಪಾಯಿಂಟ್ 10 ಅಂದರೆ 91ರಿಂದ 100. 9 ಅಂದರೆ 81ರಿಂದ 90. 8 ಅಂದರೆ 71ರಿಂದ 80. ಹೀಗೇ ಹತ್ತು ಹತ್ತು ಅಂಕಗಳ ಗೂಡು. 9ರ ಗೂಡಿನ ನಟ್ಟನಡುವೆ 85.5 ಇದೆ, 9.5ರಿಂದ ಗುಣಿಸಿದರೂ ಸರಿಯಾಗಿ 85.5. ಇಲ್ಲಿ ಹೊಂದಿಕೆ ಪಕ್ಕಾ. 6ರ ಗೂಡು 51ರಿಂದ 60, ನಡು 55.5. ಗುಣಿಸಿದರೆ 57. ಇನ್ನೂ ಕೆಳಗೆ 5ಕ್ಕೆ ಹೋದರೆ ನಡು 45.5, ಗುಣಾಕಾರ ಕೊಡುವುದು 47.5. ಕೆಳಕ್ಕೆ ಇಳಿದಷ್ಟೂ ಈ ಗುಣಕ ಧಾರಾಳಿ. ಮೇಲೆ 10ರಲ್ಲಿ ಮಾತ್ರ ನಡುಮಟ್ಟಕ್ಕಿಂತ ಅರ್ಧ ಅಂಕ ಕಡಿಮೆ ಕೊಡುತ್ತದೆ. "ಗೂಡಿನ ನಡುವೇ ಬೇಕು ಅಂದ್ರೆ ಹತ್ತರಿಂದ ಗುಣಿಸಿ ನಾಲ್ಕೂವರೆ ಕಳೀಬೇಕು. ಗುಣಿಸೋದೊಂದೇ ಸಾಕಾಗಲ್ಲ" ಎಂದರು ಮೇಡಂ.

ಆದರೆ ಇದು ಸಣ್ಣ ತಪ್ಪು. ಹೆಚ್ಚೆಂದರೆ ಎರಡು ಅಂಕದ ಮಾತು. ದೊಡ್ಡ ವಿಷಯ ಬೇರೆ ಇದೆ. ಗ್ರೇಡ್ ಕೊಡುವಾಗಲೇ ಅಂಕ ಕಳೆದುಹೋಗಿರುತ್ತದೆ. 81 ತೆಗೆದವನಿಗೂ 9, 90 ತೆಗೆದವನಿಗೂ 9. ಯಾವ ಗುಣಾಕಾರ ಮಾಡಿದರೂ ಅದು ವಾಪಸ್ ಬರುವುದಿಲ್ಲ. ಅಕ್ಕಿ ಬೇಯಿಸಿದ ಮೇಲೆ ಕಾಳು ಎಣಿಸಿದ ಹಾಗೆ.

ಮೇಡಂ ಇಬ್ಬರು ಮಕ್ಕಳನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿದರು. ಮೊದಲನೆಯವನ ಅಂಕ 81, 81, 82, 81, 83. ಒಟ್ಟು 408, ನಿಜವಾದ ಶೇಕಡಾ 81.6. ಐದೂ ವಿಷಯ 9ರ ಗೂಡಿನಲ್ಲೇ ಬಿದ್ದವು, ಸಿಜಿಪಿಎ 9.0, ಗುಣಿಸಿದರೆ 85.5. ಎರಡನೆಯವಳ ಅಂಕ 90, 90, 89, 90, 80. ಒಟ್ಟು 439, ಶೇಕಡಾ 87.8. ಆದರೆ ಆ ಕೊನೆಯ 80 ಒಂದೇ ಒಂದು ಅಂಕದಲ್ಲಿ 8ರ ಗೂಡಿಗೆ ಬಿತ್ತು. ಸಿಜಿಪಿಎ 8.8, ಗುಣಿಸಿದರೆ 83.6. ನಮ್ಮ ಕಾಲೇಜಿನಲ್ಲಿ ಸೈನ್ಸಿಗೆ ಅರ್ಜಿ ಹಾಕಲು 85 ಬೇಕಿತ್ತು. ಆರು ಅಂಶ ಜಾಸ್ತಿ ಇರುವ ಹುಡುಗಿ ಹೊರಗೆ, ಹುಡುಗ ಒಳಗೆ. ನನಗೆ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಅಂಥ ಎಷ್ಟು ಹಾಳೆಗಳನ್ನು ನಾನು ಆ ವಾರ ಪಕ್ಕಕ್ಕೆ ಇಟ್ಟಿದ್ದೆನೋ.

ಇನ್ನೊಂದು ವಿಷಯ ನನ್ನ ಎಕ್ಸೆಲ್ ಶೀಟೇ ತೋರಿಸಿತು. ಸಾರ್ಟ್ ಮಾಡಿದಾಗ ಸಿಬಿಎಸ್‌ಇ ಮಕ್ಕಳ ಶೇಕಡಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು: 95, 95, 95, 93.1, 93.1, 91.2. ನಡುವೆ ಏನೂ ಇಲ್ಲ. ಐದು ವಿಷಯದ ಸರಾಸರಿ ಆದ್ದರಿಂದ ಸಿಜಿಪಿಎ 0.2ರ ಹೆಜ್ಜೆಯಲ್ಲೇ ಏರಿಳಿಯುತ್ತದೆ, ಶೇಕಡಾದಲ್ಲಿ ಅದು 1.9ರ ಜಿಗಿತ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ಅಂಕಕ್ಕೆ 0.16. ಒಂದು ಕಡೆ ಸೆಂಟಿಮೀಟರ್ ಪಟ್ಟಿ, ಇನ್ನೊಂದು ಕಡೆ ಗೇಣಿನ ಅಳತೆ. ಎರಡನ್ನೂ ಒಂದೇ ಕಾಲಂನಲ್ಲಿ ಇಟ್ಟು ಸಾರ್ಟ್ ಒತ್ತುತ್ತಿದ್ದೆ ನಾನು.

ಮುಂದಿನ ವರ್ಷ ಶೀಟಿಗೆ ಎರಡು ಕಾಲಂ ಸೇರಿಸಿದೆ. ನಿಜವಾದ ಶೇಕಡಾ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ತೋರಿಸಲು. ಸಿಜಿಪಿಎ `A2`ನಲ್ಲಿದ್ದರೆ ಮೂರು ಸೂತ್ರಗಳು ಇಷ್ಟೇ, ಅಂದಾಜು, ಕನಿಷ್ಠ, ಗರಿಷ್ಠ, ಆ ಕ್ರಮದಲ್ಲಿ:

```
=ROUND(A2*9.5,1)
=A2*10-9
=A2*10
```

8.8 ಹಾಕಿದರೆ 83.6, 79, 88 ಎಂದು ಬರುತ್ತದೆ. ಮೇಡಂ ಕಲ್ಪಿಸಿದ ಹುಡುಗಿಯ 87.8 ಆ ಹರವಿನೊಳಗೇ ಇದೆ ನೋಡಿ. ಕನಿಷ್ಠದ ಸೂತ್ರ 5 ಮತ್ತು ಅದಕ್ಕಿಂತ ಮೇಲಿನ ಗ್ರೇಡ್ ಪಾಯಿಂಟ್‌ಗಳಿಗೆ ಸರಿ. 4ರ ಗೂಡು 33ರಿಂದಲೇ ಶುರುವಾಗುವುದರಿಂದ ಅಲ್ಲಿ ಸ್ವಲ್ಪ ತಪ್ಪುತ್ತದೆ. ನಮ್ಮಲ್ಲಿ ಅಷ್ಟು ಕೆಳಗಿನ ಅರ್ಜಿ ಬರುತ್ತಿರಲಿಲ್ಲ, ಹಾಗಾಗಿ ಬಿಟ್ಟೆ.

ಒಂಬತ್ತು ಅಂಶದ ಹರವು ಅಂದರೆ ಹೆದರಿಕೆ ಆಗುತ್ತದೆ. ಆದರೆ ಎಲ್ಲರೂ ಅಂಚಿನಲ್ಲಿ ಇರುವುದಿಲ್ಲ. ಐದು ವಿಷಯದಲ್ಲಿ ಒಂದು ಗೂಡಿನ ಮೇಲ್ತುದಿಗೆ, ಇನ್ನೊಂದು ಕೆಳತುದಿಗೆ ಬಿದ್ದು ಒಂದನ್ನೊಂದು ಸರಿದೂಗಿಸುತ್ತವೆ. ಆದ್ದರಿಂದ ಹೆಚ್ಚಿನವರಿಗೆ ಅಂದಾಜು ಎರಡು ಮೂರು ಅಂಶದ ಒಳಗೇ ಬರುತ್ತದೆ. ಕೈಕೊಡುವುದು ಐದೂ ವಿಷಯ ಒಂದೇ ಕಡೆಗೆ ವಾಲಿದಾಗ. ತರಗತಿಗೆ ಮೊದಲು ಬರುವ ಮಕ್ಕಳು ಎಲ್ಲದರಲ್ಲೂ 97, 98 ತೆಗೆಯುತ್ತಾರಲ್ಲ, ಅವರೆಲ್ಲ ಮೇಲಕ್ಕೇ ವಾಲಿದವರು. ಸೀಟಿಗಾಗಿ ಜಗಳ ಇರುವುದೂ ಅಲ್ಲೇ.

ಈ ಹರವೂ ಪೂರ್ತಿ ಗಟ್ಟಿಯಲ್ಲ. ಆ ಪದ್ಧತಿಯಲ್ಲಿ ಪಠ್ಯೇತರ ಚಟುವಟಿಕೆಯಲ್ಲಿ ಚೆನ್ನಾಗಿ ಮಾಡಿದವರಿಗೆ ಒಂದೆರಡು ವಿಷಯದಲ್ಲಿ ಗ್ರೇಡನ್ನು ಒಂದು ಮೆಟ್ಟಿಲು ಏರಿಸುವ ಅವಕಾಶ ಇತ್ತು. ಹಾಗೆ ಏರಿಸಿದ 9ರ ಹಿಂದೆ 76 ಇರಲೂಬಹುದು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ, ಆಟ ಆಡುವ ಹುಡುಗರಿಗೆ ಸಿಗಲಿ ಬಿಡಿ. ಆದರೆ ಅದನ್ನು ಮತ್ತೆ ಅಂಕ ಮಾಡಲು ಹೊರಟರೆ ಲೆಕ್ಕ ತಪ್ಪುತ್ತದೆ.

ಎರಡು ಕಾಲಂ ನೋಡಿದ ಮೇಲೆ ಪ್ರಿನ್ಸಿಪಾಲರು ಒಪ್ಪಿದರು. ಬಂದ ಅರ್ಜಿಗಳ ಪ್ರಮಾಣದಲ್ಲಿ ಸೀಟು ಹಂಚಿ, ಬೋರ್ಡಿಗೊಂದು ಲಿಸ್ಟ್ ಮಾಡಿದೆವು. ಸಿಬಿಎಸ್‌ಇ ಲಿಸ್ಟಿನೊಳಗೆ ಗುಣಾಕಾರವೇ ಬೇಡ, ಸಿಜಿಪಿಎ ಇದ್ದ ಹಾಗೇ ಸಾಕು. ಸಮ ಬಂದರೆ ಗಣಿತ ಮತ್ತು ವಿಜ್ಞಾನದ ಪಾಯಿಂಟ್, ಅದೂ ಸಮ ಬಂದರೆ ಹುಟ್ಟಿದ ದಿನಾಂಕ. 10 ಬಂದವರಿಗೆಲ್ಲ ಕೊನೆಗೆ ಹುಟ್ಟಿದ ದಿನವೇ ಗತಿ. ಒಬ್ಬ ಹುಡುಗನಿಗೆ ಹನ್ನೊಂದು ದಿನದ ಹಿರಿತನದಲ್ಲಿ ಸೀಟು ಸಿಕ್ಕಿತು, ಅವನ ಅಜ್ಜಿ ಬಂದು ನನಗೆ ಸಿಹಿ ಕೊಟ್ಟು ಹೋದರು. 85ರ ಗೆರೆಯನ್ನೂ ಸಿಬಿಎಸ್‌ಇಗೆ 8.6 ಎಂದು ಬದಲಿಸಿದೆವು. 8.6ರ ಗರಿಷ್ಠ 86, ಹಾಗಾಗಿ 85 ದಾಟಿರಬಹುದಾದ ಯಾರೂ ಅರ್ಜಿ ಹಂತದಲ್ಲೇ ಹೊರಗೆ ಬೀಳಲಿಲ್ಲ.

ಆಗ ಓದಿದ ಮಕ್ಕಳು ಈಗ ಕೆಲಸದ ಅರ್ಜಿ ತುಂಬುವಾಗ ಫೋನ್ ಮಾಡುತ್ತಾರೆ. ನಾನು ಹೇಳುವುದು ಇಷ್ಟು: ಫಾರಂ ಸಿಜಿಪಿಎ ತೆಗೆದುಕೊಂಡರೆ ಅದನ್ನೇ ಹಾಕಿ. ಶೇಕಡಾನೇ ಬೇಕು ಅಂದರೆ ಸಿಬಿಎಸ್‌ಇ ಹತ್ತನೇ ತರಗತಿಗೆ 9.5. ಆದರೆ ಅದೇ 9.5ನ್ನು ಡಿಗ್ರಿಗೆ ಹಚ್ಚಬೇಡಿ. ವಿಟಿಯುನ 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. 8.2 ಬಂದಿದ್ದರೆ ಅಲ್ಲಿ 74.5, 9.5ರಿಂದ ಗುಣಿಸಿದರೆ 77.9. ಮೂರಕ್ಕಿಂತ ಜಾಸ್ತಿ ವ್ಯತ್ಯಾಸ, ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವಷ್ಟು.

ಹೋದ ತಿಂಗಳು ಒಬ್ಬಳು ಕರೆ ಮಾಡಿದ್ದಳು. "ಸಾರ್, 8.8 ಇತ್ತು ನಂದು. 83.6 ಹಾಕಿದ್ರೆ ಫಾರಂ ತಗೊಳ್ತಾ ಇಲ್ಲ. ಪಾಯಿಂಟ್ ಆದ್ಮೇಲೆ ಎರಡು ಅಂಕಿ ಬೇಕಂತೆ."

79ರಿಂದ 88ರವರೆಗೆ ಎಲ್ಲಿ ಬೇಕಾದರೂ ಇರಬಹುದಾದ ಸಂಖ್ಯೆಗೆ ಎರಡು ದಶಮಾಂಶ. "ಒಂದು ಸೊನ್ನೆ ಸೇರಿಸಮ್ಮ" ಎಂದೆ. 83.60 ಹೋಯಿತು.