ಸಂಜೆ ಆರೂವರೆಗೆ ಚಪಾತಿ ಹಿಟ್ಟು: ನನ್ನ ಮೊದಲ ವರ್ಷ

ನಮ್ಮನೆಯವರ ವರ್ಷದ ಕಾರ್ಯ ಕಳೆದ ತಿಂಗಳು ಮುಗಿಯಿತು. ಮೈಸೂರಿನ ಕುವೆಂಪುನಗರದ ಅದೇ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮನೆ ಮಾರಲಿಲ್ಲ, ಮಗನ ಜೊತೆ ಬೆಂಗಳೂರಿಗೂ ಹೋಗಲಿಲ್ಲ. "ಮೂರು ತಿಂಗಳು ಬಿಡಿ, ತಾನಾಗೇ ಬರ್ತಾಳೆ" ಅಂತ ನನ್ನ ಸ್ವಂತ ಅಣ್ಣನೇ ಹೇಳಿದ್ದ. ಈಗ ಅವನ ಪರಿಚಯದವರ ಮನೆಯಲ್ಲಿ ಇಂಥದ್ದಾದರೆ "ನನ್ನ ತಂಗೀನ ಕೇಳಿ" ಅಂತ ನನ್ನ ನಂಬರ್ ಕೊಡುತ್ತಾನೆ. ಪ್ರತಿಯೊಬ್ಬರಿಗೂ ಅದದನ್ನೇ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ.

ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲಿ ಮಾಡಿಸಬೇಕು ಅನ್ನೋದು ಈ ದಾರಿಯಲ್ಲಿರುವವರಿಗೆ ಗೊತ್ತೇ ಇರುತ್ತದೆ. ಅದನ್ನು ಬಿಡುತ್ತೇನೆ. ಹತ್ತು ಪ್ರತಿಗಿಂತ ಕಡಿಮೆ ತೆಗೆಸಬೇಡಿ, ಅಷ್ಟೇ.

ನಾನು ಮೊದಲೇ ಹೇಳಿಬಿಟ್ಟಿದ್ದೆ, ಒಂದು ವರ್ಷ ಏನನ್ನೂ ಮಾರಲ್ಲ ಅಂತ. ಮನೆ ಅವರ ಸ್ವಂತ ದುಡಿಮೆಯದು, 30-40 ಸೈಟು, ಮೇಲೊಂದು ಸಣ್ಣ ಮನೆ ಬಾಡಿಗೆಗೆ. ಹನ್ನೊಂದನೇ ದಿನದ ಊಟ ಮುಗಿದು ಎಲೆ ಎತ್ತುವ ಮೊದಲೇ ಮೈದುನ ಮಾತು ತೆಗೆದ. "ಅತ್ತಿಗೆ, ಒಳ್ಳೆ ಪಾರ್ಟಿ ಇದೆ. ಎಪ್ಪತ್ತರ ಮೇಲೆ ಕೊಡ್ತಾರೆ. ಬ್ಯಾಂಕಲ್ಲಿಟ್ಟು ಆರಾಮಾಗಿರಿ." ನಾನು ಒಂದೇ ಮಾತು ಕೇಳಿದೆ: "ಅತ್ತೆ ಸೈನ್ ಹಾಕ್ತಾರಾ?" ಅವನು ಮುಖ ಮುಖ ನೋಡಿದ. ಗಂಡ ಉಯಿಲು ಬರೆಯದೆ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಗೂ ಸಮಪಾಲು. ನಮ್ಮಲ್ಲಿ ನಾನು, ಮಗ, ಮಗಳು, ಅತ್ತೆ. ಅಂದರೆ ಮನೆಯಲ್ಲಿ ನನ್ನದು ಕಾಲು ಭಾಗ ಮಾತ್ರ. ಖಾತೆ ಪೂರ್ತಿ ನನ್ನ ಹೆಸರಿಗೆ ಆಗಬೇಕಾದರೆ ಉಳಿದ ಮೂವರೂ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಡಬೇಕು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಹದಿನೈದೇ ದಿನಕ್ಕೆ ಆ ಕಾಗದ ಹಿಡಿಯಲು ನನಗೆ ಮನಸ್ಸು ಬರಲಿಲ್ಲ. ವ್ಯವಹಾರದಲ್ಲೂ ಅದು ಜಾಣತನ ಅಲ್ಲ. ಆಗ ಕೇಳಿದ್ದರೆ ಅವರು ಅಳುತ್ತಾ ಸೈನ್ ಹಾಕುತ್ತಿದ್ದರು, ಆಮೇಲೆ ಊರಲ್ಲಿ ನನ್ನ ಹೆಸರು ಏನಾಗುತ್ತಿತ್ತು ಅಂತ ನಿಮಗೇ ಗೊತ್ತಲ್ಲ.

ಇನ್ನು ಅವರ ಮೊಬೈಲ್. ಎಲ್ಲರೂ ಮಾಡುವ ಮೊದಲ ಕೆಲಸ ಆ ನಂಬರ್ ನಿಲ್ಲಿಸುವುದು. ನಾನು ವರ್ಷಪೂರ್ತಿ ರೀಚಾರ್ಜ್ ಮಾಡಿಸಿದೆ. ಗ್ಯಾಸ್, ಕರೆಂಟ್ ಬಿಲ್, ಠೇವಣಿಯ ಅವಧಿ ಮುಗಿದ ಸುದ್ದಿ, ವಿಮೆಯ ಕಂತು, ಎಲ್ಲದರ ಮೆಸೇಜ್ ಬರುವುದು ಅದಕ್ಕೇ. ಯಾವ ಯಾವ ಕಡೆ ಹೆಸರು ಬದಲಾಯಿಸಬೇಕು ಅನ್ನೋ ಪಟ್ಟಿಯನ್ನು ಆ ಫೋನೇ ಮಾಡಿಕೊಟ್ಟಿತು. ಹಳೆ ಮೆಸೇಜ್ ತಿರುವಿ ಹಾಕುವಾಗ ಮೇ ಕೊನೆಯಲ್ಲಿ 436 ರೂಪಾಯಿ ಕಟ್ಟಾದದ್ದು ಕಂಡಿತು. ಪಾಸ್‌ಬುಕ್ಕಿನಲ್ಲಿ ಅದೇ ಸಾಲಿನ ಮುಂದೆ PMJJBY ಅಂತಿತ್ತು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಎರಡು ಲಕ್ಷ. ಅವರು ಯಾವಾಗ ಸೇರಿದ್ದರೋ, ನನಗೂ ಹೇಳಿರಲಿಲ್ಲ. ಸೇರಲು ವಯಸ್ಸು 50 ದಾಟಿರಬಾರದು, ರಕ್ಷಣೆ 55ರವರೆಗೆ. ಅವರಿಗೆ 53. ಬ್ಯಾಂಕಿನ ಕೌಂಟರಿನಲ್ಲಿ ಮೊದಲ ಸಲ "ಹಂಗೇನೂ ಇಲ್ಲಮ್ಮ" ಅಂದರು. ಪಾಸ್‌ಬುಕ್ಕಿನ ಸಾಲಿಗೆ ಕೆಂಪು ಗೆರೆ ಹಾಕಿಕೊಂಡು ಹೋಗಿ ಮ್ಯಾನೇಜರ್ ಮುಂದಿಟ್ಟೆ. ಎರಡು ತಿಂಗಳೊಳಗೆ ಹಣ ಬಂತು.

ಅವರು ಕೆಲಸಕ್ಕಿದ್ದ ಕಾರ್ಖಾನೆಯಲ್ಲೂ ಇದೇ ಕಥೆ. ಪಿಎಫ್ ಹಣಕ್ಕೆ 20ನೇ ಫಾರಂ, ವಿಧವಾ ಪಿಂಚಣಿಗೆ 10ಡಿ, ಇವೆರಡನ್ನು ಅವರೇ ಕೊಟ್ಟರು. ಮೂರನೆಯದನ್ನು ನಾನೇ ಬಾಯಿಬಿಟ್ಟು ಕೇಳಬೇಕಾಯಿತು: 5ಐಎಫ್. ನೌಕರಿಯಲ್ಲಿದ್ದಾಗಲೇ ತೀರಿಕೊಂಡವರಿಗೆ ಪಿಎಫ್ ಜೊತೆಗೇ ಒಂದು ವಿಮೆ ಇರುತ್ತದೆ, ಏಳು ಲಕ್ಷದವರೆಗೂ ಬರುತ್ತದೆ. ನಮ್ಮವರ ಸಂಬಳ, ಖಾತೆಯಲ್ಲಿದ್ದ ಹಣದ ಲೆಕ್ಕಕ್ಕೆ ಪೂರ್ತಿ ಏಳೂ ಬಂತು. ಪಿಂಚಣಿ ನಾಲ್ಕು ಸಾವಿರ ಚಿಲ್ಲರೆ, ಮೇಲಿನ ಮನೆ ಬಾಡಿಗೆ ಒಂಬತ್ತು ಸಾವಿರ, ಮೇಲೆ ಠೇವಣಿ ಬಡ್ಡಿ. ಒಬ್ಬಳ ಖರ್ಚು ತಿಂಗಳಿಗೆ ಹದಿನಾಲ್ಕು ಹದಿನೈದು ಸಾವಿರ. ಮನೆ ಮಾರುವ ಅಗತ್ಯ ಏನಿತ್ತು ಹೇಳಿ?

ಹಣದ ಕಥೆ ಅಷ್ಟು ಸುಲಭವಾಗಿ ಮುಗಿಯಿತು. ಹೊತ್ತಿನ ಕಥೆ ಮುಗಿಯಲಿಲ್ಲ.

ಬಂದವರೆಲ್ಲ ಹೇಳಿದ್ದು ಒಂದೇ, "ಏನಾದ್ರೂ ಮಾಡ್ಕೊಂಡು ಬಿಜಿಯಾಗಿರು." ನಾನು ಬೇರೆ ದಾರಿ ಹಿಡಿದೆ. ಹಾಲಿನ ಲೆಕ್ಕದ ಹಳೆ ಪುಸ್ತಕದ ಹಿಂದಿನ ಪುಟಗಳಲ್ಲಿ, ಎದೆ ಹಿಂಡಿದಂತಾದಾಗಲೆಲ್ಲ ಗಂಟೆ ಎಷ್ಟು ಅಂತ ಮಾತ್ರ ಬರೆದೆ. ಯಾಕೆ, ಏನು ಅಂತ ಬರೆಯಲಿಲ್ಲ. ಸುಮ್ನೆ ಗಂಟೆ. ಮೂರು ವಾರಕ್ಕೆ ಚಿತ್ರ ಕಂಡಿತು. ಬೆಳಿಗ್ಗೆ ಏನೂ ಇಲ್ಲ. ಮಧ್ಯಾಹ್ನ ಅಲ್ಲೊಂದು ಇಲ್ಲೊಂದು. ಎಲ್ಲರೂ ಹೆದರಿಸಿದ್ದ ರಾತ್ರಿಯೂ ಅಷ್ಟಿಲ್ಲ. ಎಲ್ಲವೂ ಸಂಜೆ ಆರೂವರೆಯಿಂದ ಎಂಟೂವರೆ. ಅವರ ಸ್ಕೂಟರ್ ಗೇಟಿಗೆ ಬರುತ್ತಿದ್ದ ಹೊತ್ತು, ಕಾಫಿ, ಆಮೇಲೆ "ಇವತ್ತೇನು ಸಾರು" ಅನ್ನುವ ಹೊತ್ತು. ಇಡೀ ದಿನ ತುಂಬಿಸುವ ಗೋಜಿಲ್ಲ, ಎರಡು ಗಂಟೆ ಮುಚ್ಚಿದರೆ ಸಾಕು ಅಂತ ಆಗ ಗೊತ್ತಾಯಿತು.

ಮುಚ್ಚುವುದಕ್ಕೆ ಮಾಡಿದ ಪ್ರಯೋಗಗಳು ಒಂದಾದ ಮೇಲೊಂದು ಮಣ್ಣುಪಾಲಾದವು. ಕುಕ್ಕರಹಳ್ಳಿ ಕೆರೆಗೆ ಸಂಜೆ ವಾಕಿಂಗ್ ಹೋದೆ. ದಡದುದ್ದಕ್ಕೂ ಜೋಡಿ ಜೋಡಿ. ಅಲ್ಲದೆ ಏಳಕ್ಕೆಲ್ಲ ವಾಪಸ್ ಬಂದು ಕತ್ತಲ ಮನೆಯ ಬೀಗ ತೆಗೆಯಬೇಕು, ಅದು ಮೊದಲಿಗಿಂತ ಕೆಟ್ಟದ್ದು. ಟಿವಿ ಹಾಕಿದರೆ ಧಾರಾವಾಹಿ ತುಂಬ ಗಂಡ-ಹೆಂಡತಿ ಜಗಳವೇ. ಮೈಸೂರು ಆಕಾಶವಾಣಿ 100.6 ಸ್ವಲ್ಪ ಪರವಾಗಿಲ್ಲ, ಕೈಗೆ ಕೆಲಸ ಇದ್ದರೆ ಮಾತ್ರ.

ಭಜನಾ ಮಂಡಳಿಗೂ ಸೇರಿದೆ. ಇನ್ನೂರು ರೂಪಾಯಿ ಸದಸ್ಯತ್ವ, ಒಂದು ಪುಸ್ತಕ. ಹಾಡೆಲ್ಲ ಚೆನ್ನಾಗಿತ್ತು. ಕೊನೆಗೆ ಅರಿಶಿನ ಕುಂಕುಮದ ತಟ್ಟೆ ಸಾಲಿನಲ್ಲಿ ಬಂತು. ನನ್ನ ಪಕ್ಕದವರ ಹತ್ತಿರ ಬಂದು, ಕೊಡುತ್ತಿದ್ದವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ತಟ್ಟೆ ನನ್ನ ಮಂಡಿಯ ಮೇಲಿಂದ ಎತ್ತರಕ್ಕೆ ಹಾರಿ ಆಚೆಯವರ ಮುಂದೆ ಇಳಿಯಿತು. ಬೇಕಂತ ಮಾಡಿದ್ದಲ್ಲ, ಪಾಪ. ಅವರಿಗೂ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಎರಡನೇ ವಾರ ನಾನೇ ಕೈಚಾಚಿ ತಟ್ಟೆಯಿಂದ ಕುಂಕುಮ ತೆಗೆದುಕೊಂಡು ಇಟ್ಟುಕೊಂಡೆ. ಯಾರೂ ಏನೂ ಅನ್ನಲಿಲ್ಲ. ಆದರೂ ಬಿಟ್ಟೆ. ಭಜನೆ ವಾರಕ್ಕೊಂದೇ ದಿನ, ನನ್ನ ಕಷ್ಟ ದಿನಾ ಇತ್ತು.

ಜೊತೆಗೆ ಒಬ್ಬಳಿಗೆ ಅಡುಗೆ ಮಾಡುವ ಕಷ್ಟ. ಕಾಲು ಪಾವು ಅಕ್ಕಿ ಕುಕ್ಕರಿನ ತಳಕ್ಕೂ ಸಾಲದು. ಒಂದು ಹಿಡಿ ಬೇಳೆಯ ಸಾರು ಸಾರಲ್ಲ, ಬಣ್ಣದ ನೀರು. ಮಾಡಿದ್ದನ್ನೇ ಮೂರು ಹೊತ್ತು ತಿಂದು, ಆಮೇಲೆ ಬ್ರೆಡ್ಡಿಗೆ ಇಳಿದೆ. ಐದಾರು ಕೆಜಿ ತೂಕ ಇಳಿಯಿತು.

ಇವೆರಡಕ್ಕೂ ಒಟ್ಟಿಗೆ ಮದ್ದು ಸಿಕ್ಕಿದ್ದು ಎದುರಿನ ಪಿಜಿಯಿಂದ. ಅಲ್ಲಿ ನರ್ಸಿಂಗ್ ಓದುವ ಇಬ್ಬರು ಹುಡುಗಿಯರು ಊಟ ಸೇರದೆ ದಿನಾ ಹೊರಗಡೆ ತಿನ್ನುತ್ತಿದ್ದರು. ನಾಲ್ಕು ಚಪಾತಿ, ಒಂದು ಪಲ್ಯ, ಐವತ್ತು ರೂಪಾಯಿ, ರಾತ್ರಿ ಎಂಟಕ್ಕೆ ಬಂದು ಡಬ್ಬಿ ತಗೊಂಡು ಹೋಗಿ ಅಂದೆ. ಮಗನಿಗೆ ಸಿಟ್ಟು ಬಂತು. "ಅಮ್ಮ, ದುಡ್ಡಿಗೇನು ಕಮ್ಮಿಯಾಗಿದೆ? ಜನ ನನ್ನ ಏನಂತಾರೆ?" ನಾನು ದುಡ್ಡಿಗೆ ಮಾಡುತ್ತಿಲ್ಲ ಅಂತ ಅವನಿಗೆ ಅರ್ಥ ಮಾಡಿಸಲು ಆಗಲಿಲ್ಲ. ಆರೂವರೆಗೆ ಹಿಟ್ಟು ಕಲಸಿ ಅರ್ಧ ಗಂಟೆ ಮುಚ್ಚಿಡಬೇಕು. ಅಷ್ಟರಲ್ಲಿ ತರಕಾರಿ ಹೆಚ್ಚಬೇಕು. ಏಳೂಕಾಲಿಗೆ ಲಟ್ಟಿಸಲು ಶುರು. ಎಂಟಕ್ಕೆ ಗೇಟು ಕಿರ್ ಅನ್ನುತ್ತದೆ, "ಆಂಟೀ" ಅಂತ ಕೂಗು. ನನಗೆ ಮನಸ್ಸಿಲ್ಲ ಅಂತ ಬಿಡುವ ಹಾಗಿಲ್ಲ, ಹುಡುಗಿಯರು ಉಪವಾಸ ಇರುತ್ತಾರೆ. ಉಚಿತವಾಗಿ ಕೊಟ್ಟಿದ್ದರೆ ತಪ್ಪಿಸುತ್ತಿದ್ದೆ. ದುಡ್ಡು ತಗೊಂಡಿದ್ದಕ್ಕೇ ತಪ್ಪಲಿಲ್ಲ.

ಈಗ ಏಳು ಡಬ್ಬಿ. ಇಪ್ಪತ್ತೆಂಟು ಚಪಾತಿಗೆ ಸುಮಾರು ಒಂದು ಕೆಜಿ ಹಿಟ್ಟು. ನನ್ನ ಎರಡು ಚಪಾತಿಯೂ ಅದರಲ್ಲೇ. ಹಿಟ್ಟು, ತರಕಾರಿ, ಎಣ್ಣೆ, ಗ್ಯಾಸ್ ಸೇರಿ ದಿನಕ್ಕೆ ನೂರೆಪ್ಪತ್ತು ನೂರೆಂಬತ್ತು. ಬರುವುದು ಮುನ್ನೂರೈವತ್ತು. ಭಾನುವಾರ ರಜೆ. ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಉಳಿಯುತ್ತದೆ. ಎಂಟಕ್ಕೆ ಮಾಡಿದ ಚಪಾತಿ ಹತ್ತಕ್ಕೆ ತಿಂದರೂ ಮೆತ್ತಗಿರುತ್ತದೆ ಅಂತ ಹುಡುಗಿಯರು ಹೇಳುತ್ತಾರೆ. ಹಿಟ್ಟಿಗೆ ಒಂದು ವಸ್ತು ಹಾಕುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ, ನಮ್ಮ ಬೀದಿಯಲ್ಲೇ ಇನ್ನೊಬ್ಬರು ಡಬ್ಬಿ ಶುರು ಮಾಡಿದ್ದಾರೆ.

ದಸರೆಗೆ ಮಾತ್ರ ಕೈಕೊಟ್ಟಿತು. ಪಿಜಿ ಖಾಲಿ. ಊರಿಗೆಲ್ಲ ದೀಪ, ನನ್ನ ಅಡುಗೆಮನೆಯಲ್ಲಿ ಆರೂವರೆಗೆ ಏನೂ ಇಲ್ಲ. ಮೊದಲ ವರ್ಷ ಅಂತ ಗೊಂಬೆಯನ್ನೂ ಕೂರಿಸಿರಲಿಲ್ಲ. ಎರಡು ದಿನ ತಡೆದು, ಪಾಂಡವಪುರದ ಕಡೆ ಅತ್ತೆಯ ಊರಿಗೆ ಬಸ್ ಹತ್ತಿದೆ. ಬಸ್ ನಮಗೆ ಹೇಗೂ ಪುಕ್ಕಟೆ. ಅವರೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಸಂಜೆಯ ವಿಷಯ ಹೇಳಿದೆ. ಅವಸರದಲ್ಲಿ ಉತ್ತರ ಕೊಡುವವರಲ್ಲ, ಒಲೆಗೆ ಸೌದೆ ತಳ್ಳಿ ಆಮೇಲೆ ಅಂದರು: "ಆ ಹೊತ್ನಲ್ಲಿ ಹಾಲ್ ಕರೆಯಾಕೆ ಎಮ್ಮೆ ಇಲ್ದಿದ್ರೆ ನಾನೂ ಹುಚ್ಚಿಯಾಗ್ತಿದ್ದೆ ಕಣವ್ವ." ನಲವತ್ತು ವರ್ಷ ಎಮ್ಮೆ ಯಾಕೆ ಬಿಟ್ಟಿರಲಿಲ್ಲ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ನಮ್ಮನೆಯವರು ಎಷ್ಟು ಸಲ ಬೈದಿದ್ದರು, ಲಾಭ ಇಲ್ಲ ಮಾರಿಬಿಡು ಅಂತ.

ಹಬ್ಬ ಮುಗಿಯುವವರೆಗೂ ಅಲ್ಲೇ ಇದ್ದೆ. ಬಿಡುಗಡೆ ಪತ್ರದ ಮಾತನ್ನು ಅವರೇ ತೆಗೆದರು. ಪ್ರತಿಯಾಗಿ ನಾನು ಏನು ಒಪ್ಪಿಕೊಂಡೆ ಅನ್ನೋದು ನಮ್ಮಿಬ್ಬರಿಗೆ ಮಾತ್ರ ಗೊತ್ತು, ಮೈದುನನಿಗೂ ಗೊತ್ತಿಲ್ಲ. ವರ್ಷದ ಕಾರ್ಯ ಕಳೆದ ಮೇಲೆ ಮಗ, ಮಗಳು, ಅತ್ತೆ ಮೂವರೂ ಒಂದೇ ದಿನ ಉಪನೋಂದಣಿ ಕಚೇರಿಗೆ ಬಂದರು. ಖಾತೆಗೆ ಅರ್ಜಿ ಕೊಟ್ಟಾಗಿದೆ. ಗೋಧಿ ಹಿಟ್ಟಿನ ಬೆಲೆ ಏರಿದೆ, ಮುಂದಿನ ತಿಂಗಳಿಂದ ಡಬ್ಬಿಗೆ ಐವತ್ತೈದು ಮಾಡಬೇಕು. ಹುಡುಗಿಯರಿಗೆ ಇನ್ನೂ ಹೇಳಿಲ್ಲ.