ರಾಜಮುಡಿ ಅನ್ನ: ನೆನೆಸುವುದು, ನೀರು, ಕೂಗು

ಹಾಸನದ ನಮ್ಮ ಮನೆಗೆ ರಾಜಮುಡಿ ಅಕ್ಕಿ ಬರುವುದು ಹೊಳೆನರಸೀಪುರದ ಕಡೆಯ ನೆಂಟರ ಗದ್ದೆಯಿಂದ. ಚೀಲ ಬಿಚ್ಚಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಒಂದು ಹಿಡಿ ಅಕ್ಕಿಯನ್ನು ಬಿಳಿ ತಟ್ಟೆಯ ಮೇಲೆ ಹರವಿ ನೋಡುವುದು. ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಬೇಯಿಸಬೇಕು ಎಂಬುದು ಅಲ್ಲಿಯೇ ಅರ್ಧ ತೀರ್ಮಾನವಾಗುತ್ತದೆ. ರಬ್ಬರ್ ರೋಲರ್ ಇರುವ ಗಿರಣಿಯಲ್ಲಿ ಹೊಟ್ಟನ್ನು ಮಾತ್ರ ಬಿಡಿಸಿದ್ದರೆ ತೌಡಿನ ಪದರ ಹಾಗೆಯೇ ಉಳಿದಿರುತ್ತದೆ. ಕಾಳು ಮಂಕಾಗಿ ಕಾಣುತ್ತದೆ, ತುದಿಯಲ್ಲಿ ಮೊಳಕೆಯ ಕಣ್ಣು ಕಾಣಿಸುತ್ತದೆ. ಹಳೆಯ ಹಲ್ಲರ್ ಯಂತ್ರದಲ್ಲಿ ಹೊಟ್ಟಿನ ಜೊತೆ ತೌಡೂ ಅಷ್ಟಿಷ್ಟು ಹೋಗಿರುತ್ತದೆ. ಆಗ ಕೆಂಪು ಕಾಳಿನ ಮೇಲೆ ಅಲ್ಲಲ್ಲಿ ಬಿಳಿ ಗೀಟುಗಳು ಕಾಣುತ್ತವೆ, ನುಚ್ಚೂ ಹೆಚ್ಚಿರುತ್ತದೆ. ರಾಜಮುಡಿಯಲ್ಲಿ ಕೆಂಪು ಕಾಳು, ಬಿಳಿ ಕಾಳು ಬೆರೆತಿರುವುದು ಸಹಜ. ಆದ್ದರಿಂದ ಬಿಳಿ ಕಾಳನ್ನು ಕಂಡು ಪಾಲಿಶ್ ಆಗಿದೆ ಎಂದುಕೊಳ್ಳಬಾರದು, ಕೆಂಪು ಕಾಳಿನ ಮೇಲಿನ ಗೀಟನ್ನೇ ನೋಡಬೇಕು. ನುಚ್ಚನ್ನು ಮೊರದಲ್ಲಿ ಕೇರಿ ಗಂಜಿಗೆ ತೆಗೆದಿಡುತ್ತೇನೆ. ಅದು ಅಕ್ಕಿಯಲ್ಲೇ ಉಳಿದರೆ ಬೇಗ ಕರಗಿ ಇಡೀ ಅನ್ನವನ್ನು ಅಂಟಾಗಿಸುತ್ತದೆ.

ತೌಡಿನಲ್ಲಿ ಎಣ್ಣೆಯ ಅಂಶವೂ ನಾರೂ ಇವೆ. ಈ ಪದರ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ನೆನೆಸದೆ ಕುಕ್ಕರಿಗೆ ಹಾಕಿದಾಗ ಹೊರಗಿನ ಭಾಗ ಅರಳಿ ಸಿಡಿದು, ನಡುವೆ ಗಟ್ಟಿಯಾಗಿ ಉಳಿಯುವುದು ಇದೇ ಕಾರಣಕ್ಕೆ. ಅದನ್ನು ಕಂಡು ಬಹಳ ಮಂದಿ ನೀರು ಸಾಲಲಿಲ್ಲ ಎಂದುಕೊಂಡು ಮರುದಿನ ಇನ್ನೊಂದು ಲೋಟ ಹೆಚ್ಚು ಸುರಿಯುತ್ತಾರೆ. ಆಗ ಸಿಗುವುದು ಮುದ್ದೆಯಾದ, ಆದರೂ ಹಲ್ಲಿಗೆ ಗಟ್ಟಿ ತಾಗುವ ಅನ್ನ. ಅಲ್ಲಿ ಸಾಲದೆ ಹೋಗಿರುವುದು ನೀರು ಕಾಳಿನ ನಡುವಿಗೆ ಇಳಿಯಲು ಬೇಕಾದ ಸಮಯ.

ಹಾಗಾಗಿ ರಾತ್ರಿ ಮಲಗುವ ಮುನ್ನ ಅಕ್ಕಿಯನ್ನು ಎರಡು ಸಲ ಹಗುರವಾಗಿ ತೊಳೆದು ನೆನೆಸುತ್ತೇನೆ, ಏಳೆಂಟು ಗಂಟೆ ಸಾಕು. ಉಜ್ಜಿ ತೊಳೆದರೆ ಕೆಂಪು ಬಣ್ಣ ನೀರಿಗೆ ಹೋಗುತ್ತದೆಯೇ ಹೊರತು ಬೇರೇನೂ ಲಾಭವಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರ, ಮೂಡಿಗೆರೆ ಕಡೆಯ ಚಳಿಗೆ, ನೀರು ತಣ್ಣಗಿದ್ದರೆ ಕಾಳು ನಿಧಾನವಾಗಿ ನೆನೆಯುತ್ತದೆ. ಆಗ ಕೈಗೆ ಹಿತವಾಗುವಷ್ಟು ಬಿಸಿಯ ನೀರು ಹಾಕುವುದು ಒಳ್ಳೆಯದು. ಬೆಳಿಗ್ಗೆ ನೆನಪಾದರೆ ಅದೇ ಬಿಸಿ ನೀರಿನಲ್ಲಿ ಮೂರು ಗಂಟೆ ನೆನೆಸಿಯೂ ಕೆಲಸ ಸಾಗಿಸಬಹುದು. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ಹತ್ತು ಗಂಟೆ ದಾಟಿದರೆ ನೀರಿನ ಮೇಲೆ ಸಣ್ಣ ಗುಳ್ಳೆ ಎದ್ದು ಹುಳಿ ವಾಸನೆ ಶುರುವಾಗುತ್ತದೆ. ನೆನೆದಿದೆಯೇ ಎಂದು ತಿಳಿಯಲು ಒಂದು ಕಾಳನ್ನು ಉಗುರುಗಳ ನಡುವೆ ಒತ್ತಿ ನೋಡುತ್ತೇನೆ. ಹಿಟ್ಟಿನಂತೆ ಪುಡಿಯಾದರೆ ಆಯಿತು. ಟಕ್ಕೆಂದು ಮುರಿದರೆ ಇನ್ನೂ ಹೊತ್ತು ಬೇಕು.

ನೀರಿನ ಅಳತೆಯಲ್ಲಿ ಗೊಂದಲ ಹುಟ್ಟುವುದು ನೆನೆದ ಅಕ್ಕಿಯನ್ನು ಅಳೆಯುವುದರಿಂದ. ನೆನೆದ ಅಕ್ಕಿ ಉಬ್ಬಿರುತ್ತದೆ, ಆಗಲೇ ಸಾಕಷ್ಟು ನೀರನ್ನೂ ಕುಡಿದಿರುತ್ತದೆ. ನಾನು ಒಣ ಅಕ್ಕಿಯನ್ನೇ ಪಾವಿನಲ್ಲಿ ಅಳೆಯುತ್ತೇನೆ. ನೆನೆಸಿದ ನೀರನ್ನು ಪೂರ್ತಿ ಬಸಿದು, ಹೊಸ ನೀರನ್ನು ಅದೇ ಪಾವಿನಲ್ಲಿ ಅಳೆದು ಹಾಕುತ್ತೇನೆ. ಒಂದು ಪಾವು ಅಕ್ಕಿಗೆ ಎರಡೂಕಾಲು ಪಾವು ನೀರು ಹಾಕಿದರೆ ಸಾರಿನಲ್ಲಿ ಕಲಸಿಕೊಳ್ಳಲು ಹಿತವಾದ ಅನ್ನವಾಗುತ್ತದೆ. ಮೂರು ಪಾವು ಹಾಕಿದರೆ ಹಿಚುಕಿದಾಗ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಅಕ್ಕಿ ಹಳೆಯದಾಗಿದ್ದರೆ ಕಾಲು ಪಾವು ಹೆಚ್ಚು ಕೇಳುತ್ತದೆ.

ನಮ್ಮ ಮನೆಯಲ್ಲಿ ಎರಡೂ ಬೇಕು. ಅತ್ತೆಯವರಿಗೆ ಮೆತ್ತಗಿನ ಅನ್ನ, ಮಕ್ಕಳ ಡಬ್ಬಿಗೆ ಉದುರಾದ ಅನ್ನ. ಎರಡು ಪಾತ್ರೆಗಳಲ್ಲಿ ಅಕ್ಕಿ ಹಾಕಿ, ಒಂದಕ್ಕೆ ಮೂರರಂತೆ, ಇನ್ನೊಂದಕ್ಕೆ ಎರಡೂಕಾಲರಂತೆ ನೀರು ಹಾಕಿ ಒಂದೇ ಕುಕ್ಕರಿನಲ್ಲಿ ಒಂದರ ಮೇಲೊಂದು ಇಡುತ್ತೇನೆ. ಕುಕ್ಕರಿನ ತಳಕ್ಕೆ ಎರಡು ಬೆರಳು ನೀರು ಹಾಕಿರುತ್ತೇನೆ. ಉದುರನ್ನದ ಪಾತ್ರೆ ಮೇಲಿರಬೇಕು, ಅದರ ಮೇಲೆ ತಟ್ಟೆ ಮುಚ್ಚಿರಲೇಬೇಕು. ಇಲ್ಲದಿದ್ದರೆ ಮುಚ್ಚಳಕ್ಕೆ ತಾಗಿ ತಣಿದ ಹಬೆ ಹನಿಹನಿಯಾಗಿ ಅದರೊಳಗೇ ಬಿದ್ದು, ಅಳೆದು ಹಾಕಿದ ನೀರಿನ ಲೆಕ್ಕವೇ ಕೆಡುತ್ತದೆ. ಪಾತ್ರೆಗಳನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುವುದಿಲ್ಲ. ಕೆಂಪಕ್ಕಿ ನೊರೆ ಕಟ್ಟಿಕೊಂಡು ಉಕ್ಕುತ್ತದೆ. ಅರ್ಧ ಚಮಚ ತುಪ್ಪ ಹಾಕಿದರೆ ನೊರೆ ತಗ್ಗುತ್ತದೆ. ಕುಕ್ಕರಿನಲ್ಲೇ ನೇರವಾಗಿ ಬೇಯಿಸುವವರು ಇನ್ನೂ ಎಚ್ಚರವಾಗಿರಬೇಕು. ತೌಡಿನ ಚೂರುಗಳು ನೊರೆಯೊಂದಿಗೆ ಏರಿ ಹಬೆಯ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಪ್ರತಿ ಸಲ ತೊಳೆಯುವಾಗ ಆ ಕೊಳವೆಯನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ಎಂದು ನೋಡಬೇಕು.

ಎಷ್ಟು ಕೂಗು ಎಂದು ಅಕ್ಕಪಕ್ಕದವರು ಕೇಳಿದಾಗ ನಾನು ನಿಮಿಷದಲ್ಲಿ ಉತ್ತರ ಹೇಳುತ್ತೇನೆ. ಒಳಗಿನ ಒತ್ತಡ ವೆಯ್ಟನ್ನು ಎತ್ತುವಷ್ಟಾದಾಗ ಕುಕ್ಕರ್ ಕೂಗುತ್ತದೆ. ದೊಡ್ಡ ಬರ್ನರಿನ ಜೋರು ಉರಿಯಲ್ಲಿ ಐದು ಕೂಗು ನಾಲ್ಕೈದು ನಿಮಿಷದೊಳಗೆ ಮುಗಿಯಬಹುದು, ಸಣ್ಣ ಉರಿಯಲ್ಲಿ ಅದೇ ಐದಕ್ಕೆ ಇಪ್ಪತ್ತು ನಿಮಿಷ ಹಿಡಿಯಬಹುದು. ಅಕ್ಕಿ ಬೇಯುವುದು ಆ ಬಿಸಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ. ನಾನು ಮೊದಲ ಕೂಗಿನವರೆಗೆ ದೊಡ್ಡ ಉರಿ ಇಟ್ಟು, ನಂತರ ಪೂರ್ತಿ ತಗ್ಗಿಸಿ ಗಡಿಯಾರ ನೋಡುತ್ತೇನೆ. ನೆನೆಸಿದ, ತೌಡು ಪೂರ್ತಿ ಇರುವ ರಾಜಮುಡಿಗೆ ಪಾತ್ರೆಯಲ್ಲಿಟ್ಟರೆ ಇಪ್ಪತ್ತು ನಿಮಿಷ, ನೇರವಾಗಿ ಕುಕ್ಕರಿನಲ್ಲಿ ಬೇಯಿಸಿದರೆ ಹದಿನೈದು ನಿಮಿಷ. ಗೀಟು ಬಿದ್ದ ಅರೆ ಪಾಲಿಶ್ ಅಕ್ಕಿಗೆ ಇದರಲ್ಲಿ ಐದು ನಿಮಿಷ ಕಡಿಮೆ.

ಅನ್ನಕ್ಕೆ ಎಸರಿಟ್ಟು ತೆರೆದ ಪಾತ್ರೆಯಲ್ಲಿ ಬೇಯಿಸುವವರಿಗೆ ನಮ್ಮ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಎತ್ತರದಲ್ಲಿವೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ನೆಂಟರು ಹೇಳಿದ ಹೊತ್ತಿಗೆ ಇಲ್ಲಿ ಕುಚ್ಚಲಕ್ಕಿ ಬೇಯದಿರಲು ಅದೂ ಒಂದು ಕಾರಣ. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರ ಏರುವುದರಿಂದ ಎತ್ತರದ ವ್ಯತ್ಯಾಸ ಒಂದೆರಡು ಡಿಗ್ರಿಗೆ ಇಳಿಯುತ್ತದೆ.

ಒಲೆ ಆರಿಸಿದ ಮೇಲೆ ವೆಯ್ಟನ್ನು ಎತ್ತಬಾರದು. ಒತ್ತಡ ಒಮ್ಮೆಲೇ ಇಳಿದರೆ ಒಳಗಿನ ನೀರು ಮತ್ತೆ ಭರ್ರೆಂದು ಕುದಿದು, ಬೆಂದ ಅಗುಳುಗಳನ್ನು ಒಡೆದು ಗಂಜಿಯನ್ನು ಹೊರಗೆ ಚಿಮ್ಮಿಸುತ್ತದೆ. ತಾನಾಗಿ ಇಳಿಯುವವರೆಗೆ ಕಾದರೆ ಆ ಹದಿನೈದು ನಿಮಿಷದಲ್ಲಿ ಮೇಲಿನ ತೇವ ಕಾಳಿನ ಒಳಗೂ ಹರಡುತ್ತದೆ. ಮುಚ್ಚಳ ತೆಗೆದು ಒಂದು ಅಗುಳನ್ನು ಹಿಚುಕಿದಾಗ ನಡುವೆ ಬಿಳಿ ಚುಕ್ಕೆ ಕಂಡರೆ, ಅರ್ಧ ಲೋಟ ಕುದಿಯುವ ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಇನ್ನು ಐದಾರು ನಿಮಿಷ ಇಡುತ್ತೇನೆ. ಚುಕ್ಕೆ ಇಲ್ಲದೆ ನೀರು ಮಾತ್ರ ನಿಂತಿದ್ದರೆ ಮುಚ್ಚಳ ತೆರೆದು ಹತ್ತು ನಿಮಿಷ ಬಿಟ್ಟರೆ ಸಾಕು, ಅನ್ನ ಅದನ್ನು ಎಳೆದುಕೊಳ್ಳುತ್ತದೆ.

ಪಾಲಿಶ್ ಮಾಡದ ಸೋನಾ ಮಸೂರಿಗೂ ಇದೇ ಕ್ರಮ, ಕಾಳು ಸಣ್ಣದಾದ್ದರಿಂದ ನಾಲ್ಕೈದು ನಿಮಿಷ ಕಡಿಮೆ ಸಾಕು. ಅರಸೀಕೆರೆ ಕಡೆಯಿಂದ ಬರುವ ನವಣೆ, ಸಾಮೆಯನ್ನು ತೌಡಿನ ಸಮೇತ ಬೇಯಿಸುವಾಗಲೂ ರಾತ್ರಿಯಿಡೀ ನೆನೆಸುತ್ತೇನೆ, ನೀರು ಒಂದಕ್ಕೆ ಎರಡೂವರೆ.

ಅಕ್ಕಿಯನ್ನು ಒಂದೆರಡು ತಿಂಗಳಿಗೆ ಆಗುವಷ್ಟೇ ಗಿರಣಿ ಮಾಡಿಸಿ, ಉಳಿದದ್ದನ್ನು ಭತ್ತವಾಗಿಯೇ ಇಡುತ್ತೇವೆ. ಹೊಟ್ಟು ಬಿಡಿಸಿದ ಮೇಲೆ ತೌಡಿನ ಎಣ್ಣೆ ಕೆಡಲು ತೊಡಗುತ್ತದೆ. ಡಬ್ಬಿ ತೆರೆದಾಗ ಹಳೆಯ ಕೊಬ್ಬರಿಯ ಕಮಟು ವಾಸನೆ ಬಂದರೆ, ಎಷ್ಟು ತೊಳೆದು ನೆನೆಸಿದರೂ ಅದು ಅನ್ನದಲ್ಲಿ ಉಳಿಯುತ್ತದೆ. ಅಂಥ ಅಕ್ಕಿಯನ್ನು ನಾನು ಒಲೆಗೆ ಏರಿಸುವುದಿಲ್ಲ.